ಬಯೋಡೇಟಾದಲ್ಲಿ ಎರಡು ವರ್ಷ ಐದು ತಿಂಗಳು

ಅರಸೀಕೆರೆಯ ಒಂದು ಮನೆ. 2024ರ ಆಗಸ್ಟ್ ತಿಂಗಳ ಸಂಜೆ. ನಡುಮನೆಯ ಮೇಜಿನ ಮುಂದೆ ಕುಳಿತ ಇಪ್ಪತ್ತೇಳು ವರ್ಷದ ಮಗಳು ತನ್ನ ಬಯೋಡೇಟಾವನ್ನು ಮೂರನೆಯ ಬಾರಿ ಬರೆಯುತ್ತಿದ್ದಾಳೆ. ಹೆಸರು, ವಿಳಾಸ, ವಿದ್ಯಾಭ್ಯಾಸ ಎಲ್ಲವೂ ಸರಾಗವಾಗಿ ಬಂದಿವೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಪ್ರಥಮ ದರ್ಜೆ. ‘ಕೆಲಸದ ಅನುಭವ’ ಎಂಬ ಶೀರ್ಷಿಕೆ ಬರೆದ ಮೇಲೆ ಮಾತ್ರ ಪೆನ್ನು ಮುಂದೆ ಹೋಗುತ್ತಿಲ್ಲ.

ಕಾರಣ ಸರಳವಾದದ್ದೇ. 2019ರ ಜುಲೈಯಲ್ಲಿ ಆಕೆ ಬೆಂಗಳೂರಿನ ಹೊರವಲಯದ ಒಂದು ಮಾತ್ರೆ ತಯಾರಿಸುವ ಕಾರ್ಖಾನೆಗೆ ಸೇರಿದಳು. ಗುಣಮಟ್ಟ ನಿಯಂತ್ರಣ ಪ್ರಯೋಗಾಲಯದಲ್ಲಿ ವಿಶ್ಲೇಷಕಿಯ ಕೆಲಸ. 2022ರ ಫೆಬ್ರುವರಿಯಲ್ಲಿ ತಂದೆಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ತಾಯಿಗೆ ಮಂಡಿ ನೋವು, ಒಬ್ಬರೇ ಎತ್ತಿ ಕೂರಿಸಲಾರರು. ತಮ್ಮ ದೂರದ ಊರಿನಲ್ಲಿ ಓದುತ್ತಿದ್ದ. ಇದ್ದ ರಜೆಯೆಲ್ಲ ಮುಗಿದ ಮೇಲೆ ಆಕೆ ರಾಜೀನಾಮೆ ಕೊಟ್ಟು, ಮಾರ್ಚ್ 31ರಂದು ಕೆಲಸದಿಂದ ಬಿಡುಗಡೆ ಹೊಂದಿ ಊರಿಗೆ ಬಂದಳು. ಈಗ ತಂದೆ ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾರೆ. ತಮ್ಮನ ಓದು ಮುಗಿದು ಊರಿನಲ್ಲೇ ಕೆಲಸ ಸಿಕ್ಕಿದೆ. ಆಕೆ ಮತ್ತೆ ಪ್ರಯೋಗಾಲಯಕ್ಕೆ ಹೋಗಬೇಕು. ಆದರೆ 2022ರ ಏಪ್ರಿಲ್‌ನಿಂದ 2024ರ ಆಗಸ್ಟ್‌ವರೆಗಿನ ಎರಡು ವರ್ಷ ಐದು ತಿಂಗಳನ್ನು ಆ ಕಾಗದದ ಮೇಲೆ ಏನೆಂದು ಬರೆಯುವುದು?

ಇಂಥ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಏಳುತ್ತದೆ. ಹೆತ್ತವರ ಆರೈಕೆಗೆಂದು, ಎಳೆಯ ಕೂಸಿಗೆಂದು, ತನ್ನದೇ ಕಾಯಿಲೆಗೆಂದು ಕೆಲಸ ಬಿಟ್ಟವರು ಮತ್ತೆ ಅರ್ಜಿ ಹಾಕುವಾಗ ಎದುರಾಗುವ ಪ್ರಶ್ನೆ ಇದು. ಉತ್ತರವಾಗಿ ಸಿಗುವ ಸಲಹೆಗಳು ಸಾಮಾನ್ಯವಾಗಿ ಎರಡು. ಒಂದು, ಮುಚ್ಚಿಡು. ಇನ್ನೊಂದು, ಕ್ಷಮೆ ಕೇಳು. ಎರಡೂ ತಪ್ಪು. ಏಕೆಂಬುದನ್ನು ಈ ಮನೆಯ ಮೇಜಿನ ಮೇಲೆಯೇ ನೋಡಬಹುದು.

ಮಾವನ ಸಲಹೆ

ಮೊದಲ ಪ್ರತಿ ಸಿದ್ಧವಾದದ್ದು ಸೋದರಮಾವನ ಸಲಹೆಯಂತೆ. “ಕೆಲಸ ಬಿಟ್ಟದ್ದು 2023ರ ಡಿಸೆಂಬರ್ ಅಂತ ಹಾಕಿಬಿಡಮ್ಮ. ಎಂಟು ತಿಂಗಳು ಖಾಲಿ ಇದ್ದರೆ ಯಾರೂ ಕೇಳಲ್ಲ. ಇಷ್ಟು ಜನರ ಅರ್ಜೀಲಿ ತಿಂಗಳು ಎಣಿಸೋರು ಯಾರು?” ಎಂದರು ಅವರು. ಪ್ರೀತಿಯಿಂದಲೇ ಹೇಳಿದ ಮಾತು. ಅವರ ಕಾಲಕ್ಕೆ ಅದು ನಡೆಯುತ್ತಿದ್ದಿರಲೂಬಹುದು.

ಈಗ ತಿಂಗಳು ಎಣಿಸುವವರಿದ್ದಾರೆ. ಭವಿಷ್ಯನಿಧಿಗೆ, ಅಂದರೆ ಪಿ.ಎಫ್.ಗೆ ಸೇರಿದ ಪ್ರತಿ ನೌಕರನಿಗೂ ಒಂದೇ ಸಂಖ್ಯೆ ಕೊಡುವ ಪದ್ಧತಿ 2014ರಲ್ಲಿ ಬಂತು. ಇದನ್ನೇ ಯು.ಎ.ಎನ್. ಎನ್ನುತ್ತಾರೆ. ಕೆಲಸ ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಯಾವ ತಿಂಗಳು ಯಾವ ಸಂಸ್ಥೆ ಎಷ್ಟು ಹಣ ಕಟ್ಟಿತು, ನೌಕರ ಎಂದು ಸೇರಿದ, ಎಂದು ಬಿಟ್ಟ ಎಂಬುದೆಲ್ಲ ಅದರ ಜೊತೆಯಲ್ಲೇ ಬರುತ್ತದೆ. ಹೊಸ ಕೆಲಸಕ್ಕೆ ಸೇರುವ ದಿನ ನೌಕರನೇ ತುಂಬಿಕೊಡುವ ಫಾರಂ 11 ಎಂಬ ಘೋಷಣಾ ಪತ್ರದಲ್ಲಿ ಹಿಂದಿನ ಕೆಲಸ ಬಿಟ್ಟ ತಾರೀಖಿಗೆ ಒಂದು ಅಂಕಣವೇ ಇದೆ. ಜೊತೆಗೆ ಹಳೆಯ ಸಂಸ್ಥೆಯ ಬಿಡುಗಡೆ ಪತ್ರವನ್ನು ಕೇಳುತ್ತಾರೆ. ಹೀಗೆ ಮೂರು ಕಡೆ ಬರೆದ ತಾರೀಖು ಒಂದಕ್ಕೊಂದು ಹೊಂದಬೇಕು. ಬಯೋಡೇಟಾದಲ್ಲಿ ಡಿಸೆಂಬರ್ 2023 ಎಂದಿದ್ದು, ಪಿ.ಎಫ್. ಖಾತೆಯಲ್ಲಿ ಕೊನೆಯ ಹಣ ಮಾರ್ಚ್ 2022ರದು ಎಂದಾದರೆ ಸಂಶಯ ಬರುವುದು ಆ ಇಪ್ಪತ್ತೊಂದು ತಿಂಗಳ ಮೇಲೆ ಮಾತ್ರವಲ್ಲ, ಆ ಕಾಗದದ ಪ್ರತಿ ಸಾಲಿನ ಮೇಲೂ. ಕೆಲಸಕ್ಕೆ ಸೇರಿದ ಮೇಲೆ ಇದು ಬೆಳಕಿಗೆ ಬಂದರೆ ಸುಳ್ಳು ಮಾಹಿತಿ ಕೊಟ್ಟ ಕಾರಣಕ್ಕೆ ಕೆಲಸ ಹೋಗಬಹುದು. ವಿರಾಮ ತೆಗೆದುಕೊಂಡ ಕಾರಣಕ್ಕೆ ಹಾಗೆ ಹೋಗುವುದಿಲ್ಲ.

ಮಾವನ ಸಲಹೆಯ ಇನ್ನೊಂದು ಮೃದುವಾದ ರೂಪವೂ ಉಂಟು. ತಿಂಗಳು ಬಿಟ್ಟು ಬರಿಯ ವರ್ಷ ಹಾಕುವುದು. ‘2019–2022’ ಎಂದರೆ ಸುಳ್ಳಲ್ಲ, ನಿಜ. ಆದರೆ ಅದನ್ನು ಓದುವವರು ದಿನವೂ ಇಂಥ ಕಾಗದ ನೋಡುವವರು. ತಿಂಗಳು ಕಾಣದಿದ್ದರೆ ಏಕಿಲ್ಲ ಎಂದೇ ಅವರು ಯೋಚಿಸುತ್ತಾರೆ. ಸಂದರ್ಶನದ ಮೊದಲ ಪ್ರಶ್ನೆ ತಿಂಗಳಿನದ್ದೇ ಆಗುತ್ತದೆ. ಮೊದಲೇ ಬರೆದಿದ್ದರೆ ಎರಡು ಸಾಲಿನಲ್ಲಿ ಮುಗಿಯುತ್ತಿದ್ದ ಸಂಗತಿ ಹೀಗೆ ವಿಚಾರಣೆಯ ರೂಪ ತಾಳುತ್ತದೆ.

ತಂದೆಯ ಪ್ರಶ್ನೆ

ಮಾವನ ಪ್ರತಿಯನ್ನು ಹರಿದುಹಾಕಿ ಆಕೆ ಎರಡನೆಯದನ್ನು ತಾನೇ ಬರೆದಳು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದರ ಒಕ್ಕಣೆ ಹೀಗಿತ್ತು: “ದುರದೃಷ್ಟವಶಾತ್ ನನ್ನ ತಂದೆಯವರ ತೀವ್ರ ಅನಾರೋಗ್ಯದಿಂದಾಗಿ ಅನಿವಾರ್ಯವಾಗಿ ಕೆಲಸ ಬಿಡಬೇಕಾಯಿತು. ಎಂ.ಆರ್.ಐ. ಪರೀಕ್ಷೆಯಲ್ಲಿ ಮೆದುಳಿನ ಎಡಭಾಗಕ್ಕೆ ರಕ್ತಸಂಚಾರ ನಿಂತಿರುವುದು ಕಂಡುಬಂದಿತ್ತು. ಈ ಅವಧಿಯಲ್ಲಿ ನನ್ನ ವೃತ್ತಿಗೆ ಗಮನ ಕೊಡಲಾಗಲಿಲ್ಲ. ಇದನ್ನು ದಯವಿಟ್ಟು ಮನ್ನಿಸಿ ನನ್ನ ಅರ್ಜಿಯನ್ನು ಪರಿಗಣಿಸಬೇಕಾಗಿ ವಿನಂತಿ. ಮುಂದೆ ಹೀಗಾಗುವುದಿಲ್ಲವೆಂದು ಭರವಸೆ ನೀಡುತ್ತೇನೆ.”

ತಂದೆ ರೈಲ್ವೆಯಿಂದ ನಿವೃತ್ತರಾದವರು. ಮಾತು ಪೂರ್ತಿ ಮರಳಿಲ್ಲದಿದ್ದರೂ ಓದು ಮರಳಿತ್ತು. ಮೇಜಿನ ಮೇಲಿದ್ದ ಹಾಳೆಯನ್ನು ಎಡಗೈಯಲ್ಲಿ ಎಳೆದುಕೊಂಡು ಓದಿದರು. ಬೆರಳು ಮೊದಲ ಪದದ ಮೇಲೆ ನಿಂತಿತು. “ದುರದೃಷ್ಟ... ನಾನಾ?” ಎಂದು ಕೇಳಿದರು.

“ಅಯ್ಯೋ ಹಾಗಲ್ಲಪ್ಪಾ” ಎಂದಳು ಮಗಳು. ಹಾಗಲ್ಲವೆಂಬುದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಆದರೆ ಕಾಗದ ಹೇಳುತ್ತಿದ್ದುದು ಅದನ್ನೇ. ಎರಡು ವರ್ಷ ಕೈಹಿಡಿದು ನಡೆಸಿದ ಕೆಲಸ ಅಲ್ಲಿ ತಪ್ಪೊಪ್ಪಿಗೆಯಾಗಿತ್ತು.

ಆ ಸಾಲುಗಳ ದೋಷ ಭಾವನೆಯದು ಮಾತ್ರವಲ್ಲ. ಅರ್ಜಿ ಓದುವವರ ದೃಷ್ಟಿಯಿಂದಲೂ ಅವು ಕೆಲಸಕ್ಕೆ ಬಾರದವು. ವಿರಾಮ ಕಂಡಾಗ ಅವರಿಗೆ ಬೇಕಾದುದು ಎರಡೇ ವಿಷಯ. ಆ ಸನ್ನಿವೇಶ ಈಗ ಹೇಗಿದೆ, ಅಭ್ಯರ್ಥಿ ಕೆಲಸಕ್ಕೆ ಬರಬಲ್ಲಳೆ? ಕೆಲಸ ಮರೆತುಹೋಗಿದೆಯೆ, ಕೈಯಲ್ಲಿದೆಯೆ? ಮೇಲಿನ ಐದು ವಾಕ್ಯಗಳಲ್ಲಿ ಈ ಎರಡಕ್ಕೂ ಉತ್ತರವಿಲ್ಲ. ಎಂ.ಆರ್.ಐ. ಇದೆ, ವಿನಂತಿ ಇದೆ. ಯಾರೂ ಕೊಡಲಾಗದ ಒಂದು ಭರವಸೆಯೂ ಇದೆ. ಮನೆಯಲ್ಲಿ ಮುಂದೆ ಯಾರಿಗೂ ಕಾಯಿಲೆಯಾಗುವುದಿಲ್ಲವೆಂದು ಯಾರು ತಾನೆ ಬರೆದುಕೊಡಬಲ್ಲರು?

ಒಂದು ಗೆರೆಯ ನಿಯಮ

ಮೂರನೆಯ ಪ್ರತಿಗೆ ದಾರಿ ತೋರಿಸಿದವರು ಹಳೆಯ ಪ್ರಯೋಗಾಲಯದಲ್ಲಿ ಆಕೆಯ ಮೇಲ್ವಿಚಾರಕಿಯಾಗಿದ್ದ ಹಿರಿಯರು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: “ಏನಮ್ಮಾ, ಲ್ಯಾಬ್ ನೋಟ್‌ಬುಕ್‌ನಲ್ಲಿ ಒಂದು ರೀಡಿಂಗ್ ತಪ್ಪಾಗಿ ಬರೆದರೆ ಏನು ಮಾಡ್ತಿದ್ದೆ?”

ಔಷಧ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಯಾರಿಗೂ ಈ ನಿಯಮ ಬಾಯಿಪಾಠ. ತಪ್ಪಾದ ಅಂಕಿಯನ್ನು ಅಳಿಸಬಾರದು, ಬಿಳಿ ಬಣ್ಣ ಹಚ್ಚಬಾರದು, ಮೇಲೆ ಮೇಲೆ ತಿದ್ದಬಾರದು. ಹಳೆಯ ಅಂಕಿ ಓದಲು ಬರುವಂತೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಚುಟುಕಾಗಿ ಕಾರಣ ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಪರೀಕ್ಷೆ ಮಾಡದೆ ಬಿಟ್ಟ ದಿನವಿದ್ದರೆ ಅದನ್ನೂ ಹಾಗೆಯೇ ಕಾರಣ ಸಮೇತ ದಾಖಲಿಸಬೇಕು. ‘ವಿದ್ಯುತ್ ಇರಲಿಲ್ಲ, ಉಪಕರಣ ನಡೆಯಲಿಲ್ಲ’ ಎಂದು ಬರೆದರೆ ಸಾಕು. ಮಾಡದ ಪರೀಕ್ಷೆಗೆ ಅಂಕಿ ಹುಟ್ಟಿಸುವುದು ಅಲ್ಲಿ ಅತಿ ದೊಡ್ಡ ಅಪರಾಧ. ಹಾಗೆಯೇ ಆ ಪುಸ್ತಕದಲ್ಲಿ ಯಾರೂ ‘ಕ್ಷಮಿಸಿ’ ಎಂದು ಬರೆಯುವುದಿಲ್ಲ. ದಾಖಲೆಯ ಕೆಲಸ ಏನಾಯಿತೆಂದು ಹೇಳುವುದು, ಅಷ್ಟೆ.

“ಅದೇ ನಿಯಮ ಇಲ್ಲೂ ಹಾಕು. ಅವಧಿ, ಕಾರಣ, ಈಗಿನ ಸ್ಥಿತಿ. ಮೂರು ಬರೆದು ಮುಂದಿನ ಸಾಲಿಗೆ ಹೋಗು” ಎಂದರು ಹಿರಿಯರು.

ಹಾಗೆ ಬರೆದ ಭಾಗ ಹೀಗಿದೆ. ಮೂಲ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಅದರ ಸಾರ ಇದು:

ಏಪ್ರಿಲ್ 2022 – ಆಗಸ್ಟ್ 2024: ವೃತ್ತಿ ವಿರಾಮ, ಕುಟುಂಬದ ಆರೈಕೆ
ಪಾರ್ಶ್ವವಾಯುವಾದ ತಂದೆಯ ಪೂರ್ಣಾವಧಿ ಆರೈಕೆ. ಈಗ ಮನೆಯಲ್ಲಿ ಬೇರೆ ಏರ್ಪಾಡಾಗಿದೆ; ಸೆಪ್ಟೆಂಬರ್ 2024ರಿಂದ ಪೂರ್ಣಾವಧಿ ಕೆಲಸಕ್ಕೆ ಲಭ್ಯ.
ಜೂನ್ 2023ರಿಂದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಮನೆಪಾಠ: 8 ವಿದ್ಯಾರ್ಥಿಗಳು, ವಾರಕ್ಕೆ 6 ಗಂಟೆ.
ಪರಿಷ್ಕೃತ ಶೆಡ್ಯೂಲ್ ಎಂ ಅನ್ನು ಓದಿಕೊಂಡಿದ್ದೇನೆ.

ಜುಲೈ 2019 – ಮಾರ್ಚ್ 2022: ವಿಶ್ಲೇಷಕಿ, ಗುಣಮಟ್ಟ ನಿಯಂತ್ರಣ ವಿಭಾಗ

ಈ ಎರಡನೆಯ ನಮೂದಿನ ಕೆಳಗೆ ಆಕೆ ಮಾಡಿದ ಕೆಲಸಗಳು ಆರು ಸಾಲುಗಳಲ್ಲಿ ಬರುತ್ತವೆ. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಮಾತ್ರೆಯೊಳಗಿನ ಔಷಧದ ಪ್ರಮಾಣ ಕಂಡುಹಿಡಿಯುವುದು, ಮಾತ್ರೆ ಎಷ್ಟು ನಿಮಿಷದಲ್ಲಿ ಎಷ್ಟು ಕರಗುತ್ತದೆಂಬ ಪರೀಕ್ಷೆ, ಕಚ್ಚಾವಸ್ತುವಿನ ತೇವಾಂಶ ಅಳೆಯುವ ಕಾರ್ಲ್ ಫಿಷರ್ ವಿಧಾನ, ವಾರಕ್ಕೆ ಸುಮಾರು ಎಷ್ಟು ಮಾದರಿ, ತಪಾಸಣೆಗೆ ಬಂದವರ ಮುಂದೆ ಯಾವ ದಾಖಲೆಗಳನ್ನು ಒದಗಿಸಿದ್ದು ಇತ್ಯಾದಿ.

ಬರೆದುದರ ಹಿಂದಿನ ಲೆಕ್ಕ

ನೋಡಲು ಸರಳವಾದ ಈ ಸಾಲುಗಳಲ್ಲಿ ಕೆಲವು ಲೆಕ್ಕಾಚಾರಗಳಿವೆ.

ಮೊದಲನೆಯದು ಜಾಗ. ಅನುಭವದ ಭಾಗವನ್ನು ಇತ್ತೀಚಿನದು ಮೊದಲು ಬರುವಂತೆ ಬರೆಯುವುದು ಪದ್ಧತಿ. ಹಾಗಾಗಿ ವಿರಾಮವೇ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಇದಕ್ಕೆ ಹೆದರಿ ಅನೇಕರು ಅದನ್ನು ಕೊನೆಯ ಪುಟದ ‘ಇತರೆ’ ಎಂಬ ಮೂಲೆಗೆ ತಳ್ಳುತ್ತಾರೆ. ಓದುವವರಿಗೆ ಮೊದಲು ರಂಧ್ರ ಕಾಣುತ್ತದೆ, ಕಾರಣ ಕೊನೆಯಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ಓದುವ ತಾಳ್ಮೆ ಇದ್ದರೆ. ಈ ಹುಡುಗಿ ವಿರಾಮವನ್ನು ಕಾಲಕ್ರಮದಲ್ಲಿ ಅದರ ಜಾಗದಲ್ಲೇ ಇಟ್ಟಳು. ಆದರೆ ಅನುಭವದ ಭಾಗಕ್ಕೂ ಮೊದಲು, ಹೆಸರಿನ ಕೆಳಗೆ, ‘ಔಷಧ ಗುಣಮಟ್ಟ ವಿಶ್ಲೇಷಣೆಯಲ್ಲಿ 2 ವರ್ಷ 9 ತಿಂಗಳ ಅನುಭವ’ ಎಂಬ ಒಂದು ಸಾಲು ಹಾಕಿದಳು. ಓದುವವರಿಗೆ ಮೊದಲು ಕಾಣುವುದು ಆಕೆ ಯಾರೆಂಬುದು. ವಿರಾಮ ಕಾಣುವುದು ಆಮೇಲೆ. ಈ 2 ವರ್ಷ 9 ತಿಂಗಳಲ್ಲಿ ವಿರಾಮದ ಒಂದು ದಿನವನ್ನೂ ಸೇರಿಸಿಲ್ಲವೆಂಬುದನ್ನು ಗಮನಿಸಬೇಕು.

ಎರಡನೆಯದು ಪ್ರಮಾಣ. ವಿರಾಮಕ್ಕೆ ಶೀರ್ಷಿಕೆ ಸೇರಿ ನಾಲ್ಕೈದು ಸಾಲು, ಕೆಲಸಕ್ಕೆ ಆರೇಳು ಸಾಲು. ವಿರಾಮ ಕೆಲಸಕ್ಕಿಂತ ಉದ್ದವಾಯಿತೆಂದರೆ ಎಷ್ಟೇ ಗಟ್ಟಿ ಪದ ಬಳಸಿದರೂ ಅದು ಸಮಜಾಯಿಷಿಯಂತೆಯೇ ಕೇಳುತ್ತದೆ. ‘ದುರದೃಷ್ಟವಶಾತ್’, ‘ಅನಿವಾರ್ಯವಾಗಿ’, ‘ಕೇವಲ’, ‘ದಯವಿಟ್ಟು’ ಎಂಬ ನಾಲ್ಕು ಪದಗಳನ್ನು ಹುಡುಕಿ ಹೊಡೆದುಹಾಕಿದರೆ ಅರ್ಧ ಕೆಲಸ ಆದಂತೆ. ಅವು ಹೋದ ಮೇಲೂ ವಾಕ್ಯದ ಅರ್ಥ ಪೂರ್ತಿ ಉಳಿದಿದ್ದರೆ ಅವು ಅಲ್ಲಿ ಬೇಕಿರಲಿಲ್ಲವೆಂದೇ ತಿಳಿಯಬೇಕು.

ಮೂರನೆಯದು ಬಣ್ಣ ಹಚ್ಚದಿರುವುದು. ಕ್ಷಮೆ ಬೇಡವೆಂದ ಕೂಡಲೇ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ತಂದೆಯನ್ನು ನೋಡಿಕೊಂಡದ್ದನ್ನು ‘ಗೃಹ ಆರೋಗ್ಯ ವ್ಯವಸ್ಥಾಪಕಿ’ ಎಂಬ ಹುದ್ದೆಯಾಗಿ ಬರೆದು, ಬಹುಮುಖ ಕೌಶಲ, ಆಯವ್ಯಯ ನಿರ್ವಹಣೆ ಎಂದೆಲ್ಲ ಸೇರಿಸುತ್ತಾರೆ. ಇದು ತಲೆಕೆಳಗಾದ ಕ್ಷಮಾಪಣೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಲದೆಂಬ ಅಳುಕೇ ಅದರ ಒಳಗೂ ಇರುವುದು. ಆರೈಕೆ ಎಂದರೆ ಆರೈಕೆ. ಅದಕ್ಕೆ ಬೇರೆ ಹೆಸರು ಬೇಕಿಲ್ಲ. ಅದೇ ಹೊತ್ತಿಗೆ, ಆ ಅವಧಿಯಲ್ಲಿ ನಿಜವಾಗಿ ಮಾಡಿದ ಬೇರೆ ಕೆಲಸವಿದ್ದರೆ ಅದನ್ನು ಅಳತೆ ಸಮೇತ ಬರೆಯಬೇಕು. ವಾರಕ್ಕೆ ಆರು ಗಂಟೆಯ ಮನೆಪಾಠವನ್ನು ‘ಉಪನ್ಯಾಸಕಿ’ ಎಂದು ಆಕೆ ಬರೆಯಲಿಲ್ಲ. ಎಂಟು ಮಕ್ಕಳು, ಆರು ಗಂಟೆ ಎಂದೇ ಬರೆದಳು.

ಕೊನೆಯ ಸಾಲು, ಶೆಡ್ಯೂಲ್ ಎಂ ಕುರಿತದ್ದು, ಕೆಲಸ ಮರೆತಿದೆಯೆ ಎಂಬ ಪ್ರಶ್ನೆಗೆ ಉತ್ತರ. ನಮ್ಮ ದೇಶದಲ್ಲಿ ಔಷಧ ತಯಾರಿಕೆ ಹೇಗಿರಬೇಕೆಂದು ವಿಧಿಸುವ ನಿಯಮಗಳ ಅನುಸೂಚಿ ಇದು. ಆಕೆ ಮನೆಯಲ್ಲಿದ್ದಾಗಲೇ, 2023ರ ಡಿಸೆಂಬರ್ ಕೊನೆಯಲ್ಲಿ, ಅದನ್ನು ಪರಿಷ್ಕರಿಸಿ ಹೊರಡಿಸಲಾಯಿತು. ಗುಣಮಟ್ಟದ ಅಪಾಯಗಳನ್ನು ಮೊದಲೇ ಅಂದಾಜು ಮಾಡುವುದು, ಗಣಕೀಕೃತ ದಾಖಲೆಗಳ ನಿರ್ವಹಣೆ ಮುಂತಾದವು ಹೊಸದಾಗಿ ಸೇರಿದವು. ಆಕೆ ಅದನ್ನು ತರಿಸಿಕೊಂಡು, ತಂದೆ ಮಲಗಿದ ಮೇಲೆ ಓದಿ ಟಿಪ್ಪಣಿ ಮಾಡಿಕೊಂಡಿದ್ದಳು. ಓದದಿದ್ದರೆ ಆ ಸಾಲು ಹಾಕುವ ಹಾಗಿರಲಿಲ್ಲ. ಸಂದರ್ಶನದಲ್ಲಿ ಮೊದಲು ಕೆದಕುವುದೇ ಅದನ್ನು. ಪ್ರತಿ ವೃತ್ತಿಯಲ್ಲೂ ಎರಡು ಮೂರು ವರ್ಷದಲ್ಲಿ ಇಂಥ ಒಂದಾದರೂ ಬದಲಾವಣೆ ಆಗಿರುತ್ತದೆ. ಲೆಕ್ಕಪತ್ರದವರಿಗೆ ತೆರಿಗೆ ನಿಯಮ, ಶಿಕ್ಷಕರಿಗೆ ಪಠ್ಯಕ್ರಮ. ವಿರಾಮದಿಂದ ಮರಳುವವರು ಅರ್ಜಿಗೆ ಮೊದಲು ಅದೊಂದನ್ನು ಹುಡುಕಿ ಓದಿಕೊಳ್ಳಬೇಕು.

ಕಳಿಸುವ ಮುನ್ನ ಆಕೆ ಇನ್ನೂ ಒಂದು ಕೆಲಸ ಮಾಡಿದಳು. ‘ಪಾರ್ಶ್ವವಾಯು’ ಎಂದು ಬರೆಯಲೇ, ‘ಅನಾರೋಗ್ಯ’ ಎಂದಷ್ಟೇ ಬರೆಯಲೇ ಎಂದು ತಂದೆಯನ್ನು ಕೇಳಿದಳು. ಕಾಯಿಲೆ ಅವರದು, ಹೇಳುವ ಹಕ್ಕೂ ಅವರದೇ. ಬೇಡವೆಂದಿದ್ದರೆ ‘ತಂದೆಯ ಪೂರ್ಣಾವಧಿ ಆರೈಕೆ’ ಎಂದರೂ ಸಾಕಾಗುತ್ತಿತ್ತು. ಅವರು ಹಾಳೆ ತರಿಸಿಕೊಂಡು ಓದಿದರು. ಬೆರಳು ಈ ಬಾರಿ ಎಲ್ಲೂ ನಿಲ್ಲಲಿಲ್ಲ. “ಹಾಕು” ಎಂದರು.

ಕಾಯಿಲೆ ತನ್ನದೇ ಆದಾಗ

ಆರೈಕೆಯ ವಿರಾಮಕ್ಕಿಂತ ಸ್ವಂತ ಕಾಯಿಲೆಯ ವಿರಾಮ ಬರೆಯುವುದು ಕಷ್ಟ. ಅಲ್ಲಿ ಎಷ್ಟು ಹೇಳಬೇಕೆಂಬ ಪ್ರಶ್ನೆ ಹೆಚ್ಚು ತೀಕ್ಷ್ಣ.

ಯಂತ್ರಶಾಲೆಯೊಂದರಲ್ಲಿ ಕೆಲಸಕ್ಕಿದ್ದ ಡಿಪ್ಲೊಮಾ ಓದಿದ ಯುವಕನೊಬ್ಬನಿಗೆ 2022ರ ಅಕ್ಟೋಬರಿನಲ್ಲಿ ಕ್ಷಯ ಪತ್ತೆಯಾಯಿತು ಎಂದಿಟ್ಟುಕೊಳ್ಳೋಣ. ಸಾಮಾನ್ಯ ಔಷಧಗಳಿಗೆ ಬಗ್ಗುವ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ತೂಕ, ತ್ರಾಣ ಮರಳಿ ಬರಲು ಇನ್ನು ಮೂರು ತಿಂಗಳು. ಒಟ್ಟು ಒಂಬತ್ತು ತಿಂಗಳು. ಆತ ಬರೆಯಬೇಕಾದುದು ಇಷ್ಟೇ: “ಅಕ್ಟೋಬರ್ 2022 – ಜೂನ್ 2023: ವೃತ್ತಿ ವಿರಾಮ, ಆರೋಗ್ಯ ಕಾರಣ. ಚಿಕಿತ್ಸೆ ಪೂರ್ಣಗೊಂಡಿದೆ. ಪೂರ್ಣಾವಧಿ ಕೆಲಸಕ್ಕೆ ಅರ್ಹನೆಂಬ ವೈದ್ಯರ ಪ್ರಮಾಣಪತ್ರವಿದೆ.”

ಕಾಯಿಲೆಯ ಹೆಸರು ಇಲ್ಲಿಲ್ಲ. ಇದು ಮುಚ್ಚಿಡುವುದಾಗುವುದಿಲ್ಲವೆ ಎಂದು ತಂದೆತಾಯಂದಿರು ಕೇಳಬಹುದು. ಆಗುವುದಿಲ್ಲ. ಬಯೋಡೇಟಾ ಹತ್ತಾರು ಕೈಗಳಿಗೆ ಹೋಗುವ ಕಾಗದ. ಅವಧಿ ನಿಜ, ಕಾರಣದ ಬಗೆ ನಿಜ, ಈಗಿನ ಸ್ಥಿತಿ ನಿಜ. ಕೆಲಸಕ್ಕೆ ಸಂಬಂಧಿಸಿದ್ದು ಅಷ್ಟೇ. ಆದರೆ ಕೆಲಸಕ್ಕೆ ಸೇರುವ ಮುನ್ನ ವೈದ್ಯಕೀಯ ತಪಾಸಣೆಯಿದ್ದು, ಅಲ್ಲಿ ವೈದ್ಯರು ಕೇಳಿದರೆ ಹೆಸರು ಹೇಳಲೇಬೇಕು. ಗುಣವಾದ ಕ್ಷಯವೂ ಎಕ್ಸ್‌ರೇಯಲ್ಲಿ ಕಲೆ ಉಳಿಸಿರಬಹುದು. ಆಗ ಚಿಕಿತ್ಸೆ ಮುಗಿದ ದಾಖಲೆಯನ್ನು ಜೊತೆಯಲ್ಲಿ ಒಯ್ದವನಿಗೆ ಐದು ನಿಮಿಷದ ಮಾತು. ‘ಏನೂ ಆಗಿರಲಿಲ್ಲ’ ಎಂದವನಿಗೆ ದೊಡ್ಡ ತೊಡಕು. ಬಯೋಡೇಟಾದಲ್ಲಿ ಹೇಳದಿರಲು ಹಕ್ಕಿದೆ. ವೈದ್ಯರು ನೇರವಾಗಿ ಕೇಳಿದಾಗ ಸುಳ್ಳು ಹೇಳುವುದು ಬೇರೆ ಸಂಗತಿ. ಕೆಲವು ವಿಷಯಗಳಲ್ಲಿ ಕೇಳುವವರಿಗೇ ಮಿತಿ ಇದೆ. ಉದಾಹರಣೆಗೆ, ಎಚ್.ಐ.ವಿ. ಪರೀಕ್ಷೆಯನ್ನು ಕೆಲಸ ಕೊಡಲು ಷರತ್ತಾಗಿ ವಿಧಿಸುವುದನ್ನು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ನಿಷೇಧಿಸಿದೆ.

ಕಾಯಿಲೆ ಪೂರ್ತಿ ಹೋಗಿಲ್ಲದಿದ್ದರೆ ‘ಸಂಪೂರ್ಣ ಗುಣ’ ಎಂದು ಬರೆಯಬಾರದು. ವಾರಕ್ಕೆ ಎರಡು ದಿನ ಡಯಾಲಿಸಿಸ್ ಇರುವವರು ‘ಆರೋಗ್ಯ ಕಾರಣದ ವಿರಾಮ, ಈಗ ಕೆಲಸಕ್ಕೆ ಲಭ್ಯ’ ಎಂದು ಬರೆದು, ಕೆಲಸ ಕೊಡುವ ಮಾತು ಬಂದಾಗ ಯಾವ ದಿನ ಯಾವ ಹೊತ್ತು ಬಿಡುವು ಬೇಕೆಂಬುದನ್ನು ಸ್ಪಷ್ಟವಾಗಿ ಹೇಳುವುದು ಸರಿಯಾದ ಕ್ರಮ.

ಸಂದರ್ಶನದ ಹತ್ತು ನಿಮಿಷ

ಅರಸೀಕೆರೆಯ ಹುಡುಗಿ ಐದು ಕಡೆ ಅರ್ಜಿ ಕಳಿಸಿದಳು. ಮೂರು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆ ‘ನಿರಂತರ ಅನುಭವ ಇರುವವರು ಬೇಕು’ ಎಂದು ಫೋನಿನಲ್ಲೇ ಹೇಳಿದರು. ಪ್ರಾಮಾಣಿಕವಾಗಿ ಬರೆದರೆ ಎಲ್ಲ ಬಾಗಿಲು ತೆರೆಯುತ್ತದೆಂದು ಯಾರೂ ತಿಳಿಯಬಾರದು. ವಿರಾಮ ಕಂಡೊಡನೆ ಕಾಗದ ಬದಿಗಿಡುವವರು ಈಗಲೂ ಇದ್ದಾರೆ. ಆದರೆ ಗಾಳಿ ಸ್ವಲ್ಪ ತಿರುಗಿದೆ. ಉದ್ಯೋಗಿಗಳು ತಮ್ಮ ವಿವರ ಪ್ರಕಟಿಸುವ ಲಿಂಕ್ಡ್‌ಇನ್ ಜಾಲತಾಣ 2022ರ ಮಾರ್ಚ್‌ನಲ್ಲಿ, ಅನುಭವದ ಭಾಗದಲ್ಲೇ ವೃತ್ತಿ ವಿರಾಮವನ್ನೂ ಅದರ ಬಗೆಯನ್ನೂ ನಮೂದಿಸುವ ಅವಕಾಶ ಕಲ್ಪಿಸಿತು. ಆರೈಕೆ, ಆರೋಗ್ಯ ಇವೆರಡೂ ಆ ಪಟ್ಟಿಯಲ್ಲಿವೆ.

ಐದನೆಯ ಕಡೆ ಸಂದರ್ಶನಕ್ಕೆ ಕರೆದರು. “ಎರಡೂವರೆ ವರ್ಷ ಮನೆಯಲ್ಲಿದ್ದಿರಿ?” ಎಂಬುದೇ ಮೊದಲ ಪ್ರಶ್ನೆ. ಆಕೆ ಮೂರು ವಾಕ್ಯ ಹೇಳಿದಳು: “ಹೌದು ಸಾರ್. ತಂದೆಗೆ ಪಾರ್ಶ್ವವಾಯುವಾಗಿತ್ತು, ಅವರನ್ನು ನೋಡಿಕೊಂಡೆ. ಈಗ ಅವರು ನಡೆದಾಡುತ್ತಾರೆ, ಮನೆಯಲ್ಲಿ ತಮ್ಮ ಇದ್ದಾನೆ.” ಹೇಳಿ ಸುಮ್ಮನಾದಳು. ಹೀಗೆ ಸುಮ್ಮನಾಗುವುದೇ ಕಠಿಣ. ಎದುರಿನವರು ಎರಡು ಕ್ಷಣ ಮಾತಾಡದಿದ್ದರೆ ಆ ಮೌನ ತುಂಬಲೆಂದು ಅಭ್ಯರ್ಥಿ ವಿವರಣೆಗೆ ತೊಡಗುತ್ತಾನೆ. ವಿವರಣೆ ಬೆಳೆದಂತೆ ಅದು ಕ್ಷಮಾಪಣೆಯಾಗುತ್ತದೆ.

“ಮತ್ತೆ ಅವರಿಗೆ ಹುಷಾರು ತಪ್ಪಿದರೆ?” ಎಂದರು ಅವರು. “ಈಗ ನಾನೊಬ್ಬಳೇ ಅಲ್ಲ ಸಾರ್. ನಾನೇ ಹೋಗಬೇಕಾಗಿ ಬಂದರೆ ನಿಯಮದ ಪ್ರಕಾರ ರಜೆ ಕೇಳುತ್ತೇನೆ” ಎಂದಳು. ಭರವಸೆಯನ್ನೂ ಕೊಡಲಿಲ್ಲ, ಬೇಡಿಕೊಳ್ಳಲೂ ಇಲ್ಲ.

ಅಲ್ಲಿಂದ ಮಾತು ಪ್ರಯೋಗಾಲಯಕ್ಕೆ ತಿರುಗಿತು. ಮಾತ್ರೆಯಲ್ಲಿನ ಔಷಧದ ಪ್ರಮಾಣ ಮಿತಿಗಿಂತ ಕಡಿಮೆ ಬಂದರೆ ಮೊದಲು ಏನು ಮಾಡುವಿರಿ ಎಂದು ಕೇಳಿದರು. ‘ಮತ್ತೊಮ್ಮೆ ಪರೀಕ್ಷೆ ಮಾಡುತ್ತೇನೆ’ ಎಂಬುದು ತಪ್ಪು ಉತ್ತರ. ಸರಿಯಾದ ಫಲಿತಾಂಶ ಬರುವವರೆಗೆ ಪರೀಕ್ಷೆ ಮಾಡುತ್ತಾ ಹೋಗುವುದೂ ಒಂದು ಬಗೆಯ ತಿದ್ದುವಿಕೆಯೇ. ಆಕೆ, “ದ್ರಾವಣ ಚೆಲ್ಲುವುದಿಲ್ಲ. ಮೇಲ್ವಿಚಾರಕರಿಗೆ ತಿಳಿಸುತ್ತೇನೆ. ತೂಕ, ದ್ರಾವಣದ ಅಳತೆ, ಲೆಕ್ಕ, ಯಂತ್ರ ಇವುಗಳಲ್ಲಿ ತಪ್ಪಾಗಿದೆಯೇ ಎಂದು ಮೊದಲು ನೋಡಿ ದಾಖಲಿಸುತ್ತೇವೆ” ಎಂದಳು. ಮುಂದಿನ ಇಪ್ಪತ್ತು ನಿಮಿಷ ತಂದೆಯ ವಿಷಯ ಮತ್ತೆ ಬರಲಿಲ್ಲ.

ಕೆಲಸ ಸಿಕ್ಕಿತು. ಸಂಬಳ 2022ರಲ್ಲಿ ಬಿಟ್ಟಾಗ ಇದ್ದಷ್ಟೇ. ಜೊತೆಗೆ ಸೇರಿದವರಿಗಿಂತ ಎರಡು ಮೆಟ್ಟಿಲು ಕೆಳಗೆ. ವಿರಾಮಕ್ಕೆ ತೆರಬೇಕಾದ ಬೆಲೆ ಅದು. ಬಯೋಡೇಟಾ ಆ ಬೆಲೆಯನ್ನು ತಪ್ಪಿಸಲಾರದು. ಆದರೆ ಸೇರಿದ ದಿನ ಫಾರಂ 11 ತುಂಬುವಾಗ, ಹಿಂದಿನ ಕೆಲಸ ಬಿಟ್ಟ ತಾರೀಖು ಎಂಬ ಅಂಕಣದಲ್ಲಿ 31-03-2022 ಎಂದು ಬರೆಯಲು ಆಕೆಗೆ ಯಾವ ಅಳುಕೂ ಇರಲಿಲ್ಲ.

ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೆಂದು ತೋರಬಹುದು. ಕಾಮಾಲೆಯಿಂದಲೋ ಅಪಘಾತದಿಂದಲೋ ಒಂದು ವರ್ಷ ಓದು ನಿಂತವರಿಗೆ ಅದು ಹತ್ತಿರದ್ದೇ. ಪಿಯುಸಿ 2021, ಪದವಿಗೆ ಸೇರಿದ್ದು 2022 ಎಂದಿದ್ದರೆ ನಡುವಿನ ವರ್ಷಕ್ಕೂ ಅದೇ ಮೂರು ಅಂಶ, ಒಂದೇ ಸಾಲು: ‘2021–22: ಆರೋಗ್ಯ ಕಾರಣದ ವಿರಾಮ, ಚಿಕಿತ್ಸೆ ಪೂರ್ಣ.’ ಮಗ ಅದನ್ನು ಬರೆಯುವಾಗ ‘ಒಂದು ವರ್ಷ ವ್ಯರ್ಥವಾಯಿತು’ ಎಂದು ಸೇರಿಸಲು ಹೊರಟರೆ, ಆ ಪದವನ್ನು ಅವನು ಎಲ್ಲಿ ಕಲಿತನೆಂದು ಮನೆಯವರು ಒಮ್ಮೆ ಯೋಚಿಸಬೇಕು.